ನೋಟೆಡ್, ಥ್ಯಾಂಕ್ಸ್ ಸಾರ್!

ಪೀಣ್ಯದ ಸಣ್ಣ ಮೆಷಿನ್ ಶಾಪಿನಲ್ಲಿ 'ಪಿಓ ಬಂತು' ಅನ್ನೋ ಸುದ್ದಿ ಹರಡಿದರೆ ಸಾಕು, ಆಫೀಸಿನ ಹುಡುಗ ಕೇಳದೆಯೇ ಟೀ ತಂದುಬಿಡುತ್ತಾನೆ. ಯಜಮಾನರು ಕನ್ನಡಕ ಏರಿಸಿ ನೋಡುವುದು ಎರಡೇ ಜಾಗ: ಎಷ್ಟು ಪೀಸು, ಎಷ್ಟು ರೂಪಾಯಿ. ಮಿಕ್ಕ ನಾಲ್ಕು ಪುಟ ಇದ್ದೇ ಇರುತ್ತಲ್ಲ, ಎಲ್ಲಿಗೆ ಓಡಿಹೋಗುತ್ತೆ? ಕನ್ನಡಕ ಇಳಿಸಿ, ಮೊಬೈಲ್ ಎತ್ತಿ, 'ನೋಟೆಡ್, ಥ್ಯಾಂಕ್ಸ್ ಸಾರ್' ಅಂತ ಒತ್ತಿ, ಪಕ್ಕದಲ್ಲಿ ಕೈಮುಗಿದ ಚಿತ್ರ ಒಂದನ್ನು ಅಂಟಿಸಿದರೆ ಆರ್ಡರು ಸ್ವೀಕಾರವಾಯಿತು. ಪರ್ಚೇಸ್ ಆಫೀಸರಿಗೂ ಖುಷಿ, ಇವರಿಗೂ ಖುಷಿ. ಕೈಮುಗಿದದ್ದು ಯಾಕೆ ಅಂತ ಒಂದೂವರೆ ತಿಂಗಳಾದ ಮೇಲೆ ಗೊತ್ತಾಗುತ್ತದೆ, ಆ ಮಾತು ಬೇರೆ.

ನಾನು ಈ ಮೇಜಿನ ಎರಡೂ ಕಡೆ ಕೂತವನು. ಮೊದಲು ಪಿಓ ಕಳಿಸುವ ಕಡೆ, ಆಮೇಲೆ ಪಿಓ ತೆಗೆದುಕೊಳ್ಳುವ ಕಡೆ. ಕಳಿಸುವ ಕಡೆ ಕೂತಿದ್ದಾಗ 'ನೋಟೆಡ್' ಅಂತ ಉತ್ತರ ಬಂದರೆ ನಮಗೆ ಪರಮಾನಂದ. ಯಾಕೆಂದರೆ ನಾವು ಏನು ಬರೆದಿದ್ದೇವೆ ಅಂತ ನಮಗೇ ಪೂರ್ತಿ ಗೊತ್ತಿರುತ್ತಿರಲಿಲ್ಲ. ಹಳೇ ಪಿಓ ತೆಗೆದು ಪಾರ್ಟ್ ನಂಬರು ಬದಲಾಯಿಸಿ ಕಳಿಸಿರುತ್ತಿದ್ದೆವು. ಆ ಕಡೆಯವನು 'ಸರಿಯಾಗಿ ಅರ್ಥವಾಯಿತು' ಅಂದರೆ, ಅಬ್ಬಾ, ಒಬ್ಬನಿಗಾದರೂ ಅರ್ಥವಾಯಿತಲ್ಲ ಅಂತ ಫೈಲು ಮುಚ್ಚುತ್ತಿದ್ದೆವು.

ಈ ವಿಷಯದಲ್ಲಿ ನಮ್ಮ ದರ್ಶಿನಿ ಹೋಟೆಲಿನ ಹುಡುಗ ನಮ್ಮ ಇಂಜಿನಿಯರುಗಳಿಗಿಂತ ಎಷ್ಟೋ ವಾಸಿ. 'ಇಡ್ಲಿ ವಡೆ' ಅಂತ ನೀವು ಅಂದರೆ ಅವನು 'ನೋಟೆಡ್' ಅನ್ನುವುದಿಲ್ಲ. 'ಎರಡು ಇಡ್ಲಿ ಒಂದು ವಡೆ, ಡಿಪ್ಪಾ ಸಪರೇಟಾ?' ಅಂತ ತಿರುಗಿ ಕೇಳುತ್ತಾನೆ. ನೀವು ಹೇಳಿದ್ದನ್ನು ಅವನ ಮಾತಿನಲ್ಲಿ ಹೇಳಿದ, ನೀವು ಹೇಳದೆ ಬಿಟ್ಟದ್ದನ್ನು ಕೇಳಿದ, ಮುಗಿಯಿತು. ಅದೇ ಕೆಲಸವನ್ನು ತೊಂಬತ್ತು ಸಾವಿರದ ಪಿಓಗೆ ಮಾಡಿ ಅಂದರೆ ನಮ್ಮವರಿಗೆ ಸಂಕೋಚ. 'ಅಷ್ಟೆಲ್ಲ ಕೇಳಿದರೆ ಏನಂದುಕೊಳ್ತಾರೋ ಏನೋ!'

ಏನಂದುಕೊಳ್ಳುತ್ತಾರೆ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಒಂದು ಪಿನ್ನಿನ ಕಥೆ ಹೇಳುತ್ತೇನೆ. ನನಗೆ ಪರಿಚಯದ ಯಜಮಾನರೊಬ್ಬರದು. ಹೆಸರು ಹೇಳಿದರೆ ಮುಂದಿನ ಸಲ ಟೀ ಸಿಗುವುದಿಲ್ಲ, ಹಾಗಾಗಿ ಯಜಮಾನರು ಅಂತಲೇ ಇರಲಿ.

ಪುಣೆಯ ಒಂದು ಪ್ಯಾಕಿಂಗ್ ಮೆಷಿನ್ ಕಂಪನಿಯಿಂದ ಅವರಿಗೆ ಆರ್ಡರು ಬಂತು. ಬೆರಳುದ್ದಕ್ಕಿಂತ ಸ್ವಲ್ಪ ಜಾಸ್ತಿ, 120 ಮಿಲಿಮೀಟರ್ ಉದ್ದದ ಪಿನ್. 25 ಮಿಲಿಮೀಟರ್ ದಪ್ಪ. ಇಎನ್-8 ಉಕ್ಕು. 500 ಪೀಸು, ಪೀಸಿಗೆ 180 ರೂಪಾಯಿ. ಪಿಓದಲ್ಲಿ ವಿವರಣೆಯ ಜಾಗದಲ್ಲಿ ಇದ್ದದ್ದು ಇಷ್ಟೇ: 'ಪಿನ್, ಇಎನ್-8, ಜಿಂಕ್ ಪ್ಲೇಟೆಡ್, ಡ್ರಾಯಿಂಗ್ ಪ್ರಕಾರ.' ಡ್ರಾಯಿಂಗಿನಲ್ಲಿ ದಪ್ಪದ ಪಕ್ಕ ಎಚ್7 ಅಂತ ಟಾಲರೆನ್ಸು, ಮೂಲೆಯಲ್ಲಿ 'ಜಿಂಕ್ ಪ್ಲೇಟಿಂಗ್, ಕನಿಷ್ಠ 8 ಮೈಕ್ರಾನ್' ಅಂತ ಒಂದು ಸಾಲು. ನೋಡುವುದಕ್ಕೆ ಎಷ್ಟು ಮುಗ್ಧವಾಗಿದೆ ನೋಡಿ!

ಈ ಎಚ್7 ಅನ್ನುವುದು ಚಿಕ್ಕ ಎಚ್ಚು. ಚಿಕ್ಕ ಎಚ್ಚಾದರೆ ಪಿನ್ನಿಗೆ, ದೊಡ್ಡ ಎಚ್ಚಾದರೆ ತೂತಿಗೆ. ಚಿಕ್ಕ ಎಚ್7 ಅಂದರೆ 25 ಮಿಲಿಮೀಟರಿನ ಪಿನ್ನು 25.000ಕ್ಕಿಂತ ಒಂದು ಮೈಕ್ರಾನೂ ಹೆಚ್ಚಿರಬಾರದು, 24.979ಕ್ಕಿಂತ ಕಡಿಮೆಯೂ ಇರಬಾರದು. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನು. ಅಂದರೆ ಆಟ ಆಡುವುದಕ್ಕೆ ಜಾಗ ಬರೀ 21 ಮೈಕ್ರಾನ್. ದೊಡ್ಡ ಎಚ್7ರ ತೂತಾದರೆ 25.000ರಿಂದ ಶುರುವಾಗಿ 25.021ರವರೆಗೆ. ಪಿನ್ನು ತೂತಿನೊಳಗೆ ಸಲೀಸಾಗಿ ಹೋಗಲಿ ಅಂತ ಈ ಏರ್ಪಾಡು. (ಫೋನಿನಲ್ಲಿ 'ಎಚ್ ಸೆವೆನ್ ಸಾರ್' ಅಂದರೆ ಚಿಕ್ಕದೋ ದೊಡ್ಡದೋ ದೇವರೇ ಬಲ್ಲ. ಅದಕ್ಕೇ ಟಾಲರೆನ್ಸನ್ನು ಫೋನಿನಲ್ಲಿ ಒಪ್ಪಿಕೊಂಡವನನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ.)

ನಮ್ಮ ಯಜಮಾನರು ಅಚ್ಚುಕಟ್ಟು ಮನುಷ್ಯ. ಪಿನ್ನುಗಳನ್ನು ಗ್ರೈಂಡಿಂಗ್ ಮಾಡಿಸಿ 24.985ರಿಂದ 24.995ರ ಒಳಗೆ ನಿಲ್ಲಿಸಿದರು. ಮೈಕ್ರೋಮೀಟರ್ ಹಿಡಿದು ಒಂದೊಂದನ್ನೂ ನೋಡಿ 'ಎಲ್ಲಾ ಓಕೆ' ಅಂತ ಪ್ಲೇಟಿಂಗಿಗೆ ಕಳಿಸಿದರು. ಪ್ಲೇಟಿಂಗಿನವನು ಹೇಳಿದ್ದಕ್ಕಿಂತ ಸ್ವಲ್ಪ ಧಾರಾಳವಾಗಿಯೇ ಹತ್ತು ಮೈಕ್ರಾನು ಹಾಕಿದ. ಪಿನ್ನಿಗೆ ಎರಡು ಪಕ್ಕ ಇರುತ್ತಲ್ಲ, ಆ ಪಕ್ಕ ಹತ್ತು ಈ ಪಕ್ಕ ಹತ್ತು, ದಪ್ಪ ಇಪ್ಪತ್ತು ಮೈಕ್ರಾನು ಏರಿತು. 24.985 ಇದ್ದದ್ದು 25.005 ಆಯಿತು, 24.995 ಇದ್ದದ್ದು 25.015. ಫಳಫಳ ಹೊಳೆಯುವ ಐನೂರು ಪಿನ್ನು, ಸುಮಾರು 230 ಕಿಲೋ ಮಾಲು, ಲಾರಿ ಹತ್ತಿ ಪುಣೆಗೆ ಹೋಯಿತು. ಅಲ್ಲಿ ಕ್ಯೂಸಿ ಹುಡುಗ ರಿಂಗ್ ಗೇಜು ತಂದು ಮೊದಲ ಪಿನ್ನಿಗೆ ತೊಡಿಸಲು ನೋಡಿದ. ಹೋಗಲಿಲ್ಲ. ಎರಡನೆಯದಕ್ಕೂ ಹೋಗಲಿಲ್ಲ. ಮೂರನೆಯದನ್ನು ನೋಡುವ ಕಷ್ಟ ತೆಗೆದುಕೊಳ್ಳದೆ ಕೆಂಪು ಚೀಟಿ ಅಂಟಿಸಿದ.

ಈಗ ಶುರುವಾಯಿತು ನೋಡಿ ಮಜಾ.

'ಡ್ರಾಯಿಂಗ್ ಪ್ರಕಾರ ಮಾಡಿದೀನಿ ಸಾರ್. ಆಮೇಲೆ ನೀವೇ ಹೇಳಿದ ಪ್ಲೇಟಿಂಗ್ ಹಾಕಿಸಿದೀನಿ. ಬೇಕಾದ್ರೆ ರಿಪೋರ್ಟ್ ನೋಡಿ.'

'ಡ್ರಾಯಿಂಗಲ್ಲಿ ಇರೋದು ಫಿನಿಶ್ ಆದ ಪಾರ್ಟಿನ ಅಳತೆ ಕಣ್ರೀ. ಪ್ಲೇಟಿಂಗ್ ಆದ ಮೇಲೆ ಬರಬೇಕು. ಇಷ್ಟು ವರ್ಷ ಕೆಲಸ ಮಾಡ್ತಿದೀರಿ, ಇದೂ ಗೊತ್ತಿಲ್ವಾ?'

'ಹಂಗಂತ ಎಲ್ಲಿ ಬರ್ದಿದೆ ಸಾರ್?'

'ಹಂಗಲ್ಲ ಅಂತ ಎಲ್ಲಿ ಬರ್ದಿದೆ?'

ಇಬ್ಬರೂ ಸರಿ. ಡ್ರಾಯಿಂಗಿನಲ್ಲಿ 'ಪ್ಲೇಟಿಂಗ್ ಆದ ಮೇಲೆ' ಅಂತಲೂ ಇರಲಿಲ್ಲ, 'ಮುಂಚೆ' ಅಂತಲೂ ಇರಲಿಲ್ಲ. ಒಂದೇ ಒಂದು ಪದದ ಜಾಗ ಖಾಲಿ ಇತ್ತು, ಆ ಖಾಲಿ ಜಾಗದೊಳಗೆ ಇಬ್ಬರೂ ತಮತಮಗೆ ಬೇಕಾದ್ದನ್ನು ಕಂಡಿದ್ದರು. ಕೊನೆಗೆ ಮಾಲು ವಾಪಸ್ಸು ಬಂತು. ಆಸಿಡ್ಡಿನಲ್ಲಿ ಅದ್ದಿ ಜಿಂಕು ತೆಗೆಸಿ, ಮತ್ತೆ ಗ್ರೈಂಡಿಂಗ್, ಮತ್ತೆ ಪ್ಲೇಟಿಂಗ್, ಮತ್ತೆ ಲಾರಿ. ಪಿನ್ನಿನ ಮೈಯಲ್ಲಿ ಇನ್ನೂ ತೆಗೆಯುವಷ್ಟು ಲೋಹ ಮಿಕ್ಕಿದ್ದರಿಂದ ಅಷ್ಟಕ್ಕೇ ಮುಗಿಯಿತು. ಇದು ಉಲ್ಟಾ ಆಗಿ ಅಳತೆ ಕಡಿಮೆ ಬಂದಿದ್ದರೆ ಐನೂರೂ ಗುಜರಿಗೆ ಹೋಗುತ್ತಿದ್ದವು.

ಈಗ ನೀವು ಕೇಳಬಹುದು, ಆರ್ಡರ್ ಅಕ್ಸೆಪ್ಟೆನ್ಸ್ ಅಂತ ಒಂದು ಕಾಗದ ಕಳಿಸಿದ್ದರೆ ಇದು ತಪ್ಪುತ್ತಿತ್ತೇ ಅಂತ. ಎಂಥಾ ಕಾಗದ ಅನ್ನುವುದರ ಮೇಲಿದೆ. ನಮ್ಮಲ್ಲಿ ಓಎ ಕಳಿಸುವ ಕಂಪನಿಗಳು ಇವೆ, ಇಲ್ಲವೆಂದಲ್ಲ. ಅವರ ಕಂಪ್ಯೂಟರು ಪಿಓದಲ್ಲಿ ಇದ್ದದ್ದನ್ನೇ ನಕಲು ಮಾಡಿ, ಮೇಲೆ ತಮ್ಮ ಲೋಗೋ ಹಾಕಿ, 'ಡ್ರಾಯಿಂಗ್ ಪ್ರಕಾರ, ಜಿಂಕ್ ಪ್ಲೇಟೆಡ್' ಅಂತಲೇ ವಾಪಸ್ಸು ಕಳಿಸುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದನ್ನೇ ಉತ್ತರಪತ್ರಿಕೆಯಲ್ಲಿ ಅಂದವಾಗಿ ಬರೆದುಕೊಟ್ಟ ಹುಡುಗನಿಗೆ ಮೇಷ್ಟರು ಎಷ್ಟು ಮಾರ್ಕು ಕೊಡುತ್ತಾರೋ, ಈ ಕಾಗದಕ್ಕೂ ಅಷ್ಟೇ ಕೊಡಬೇಕು.

ಬರೆಯಬೇಕಾದ್ದು ನಮ್ಮ ಮಾತಿನಲ್ಲಿ. ಗಿರಾಕಿ ಹೇಳಿದ್ದನ್ನಲ್ಲ, ನಾವು ಮಾಡಲು ಹೊರಟಿರುವುದನ್ನು. ಯಜಮಾನರು ಈಗ ಬರೆಯುವ ಕಾಗದ ಹೀಗಿರುತ್ತದೆ (ಅವರು ಬರೆಯುವುದು ಇಂಗ್ಲಿಷಿನಲ್ಲಿ, ನಾನು ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತಿದ್ದೇನೆ):

'ನಿಮ್ಮ ಜೂನ್ 2ರ ಪಿಓ ತಲುಪಿತು. ನಾವು ಅರ್ಥಮಾಡಿಕೊಂಡಿರುವುದು ಹೀಗೆ. ಡ್ರಾಯಿಂಗ್ ರಿವಿಷನ್ ಬಿ ಪ್ರಕಾರ 500 ಪಿನ್. ವ್ಯಾಸ 24.979ರಿಂದ 25.000, ಇದು ಪ್ಲೇಟಿಂಗ್ ಆದ ಮೇಲಿನ ಅಳತೆ. ಪ್ಲೇಟಿಂಗ್ ಒಂದು ಪಕ್ಕಕ್ಕೆ 8ರಿಂದ 12 ಮೈಕ್ರಾನ್, ಬಿಳಿ ಬಣ್ಣದ ಪ್ಯಾಸಿವೇಷನ್. ಅದಕ್ಕಾಗಿ ಪ್ಲೇಟಿಂಗಿಗೆ ಮುಂಚೆ 24.963ರಿಂದ 24.976ಕ್ಕೆ ಗ್ರೈಂಡ್ ಮಾಡುತ್ತೇವೆ. ಡ್ರಾಯಿಂಗಿನಲ್ಲಿ ಹಾರ್ಡೆನಿಂಗ್ ಕೇಳಿಲ್ಲ, ನಾವೂ ಮಾಡುವುದಿಲ್ಲ.'

ಆ ಲೆಕ್ಕ ಒಮ್ಮೆ ಹಾಕಿ ನೋಡಿ. ಎಂಟು ಮೈಕ್ರಾನು ಬಿದ್ದರೆ ದಪ್ಪ ಹದಿನಾರು ಏರುತ್ತದೆ: 24.963 ಇದ್ದದ್ದು ಸರಿಯಾಗಿ 24.979. ಹನ್ನೆರಡು ಬಿದ್ದರೆ ಇಪ್ಪತ್ನಾಲ್ಕು ಏರುತ್ತದೆ: 24.976 ಇದ್ದದ್ದು ಸರಿಯಾಗಿ 25.000. ಎರಡೂ ತುದಿ ಕೂತವು. ಆದರೆ ಗ್ರೈಂಡಿಂಗಿನವನಿಗೆ ಮಿಕ್ಕ ಜಾಗ ಇಪ್ಪತ್ತೊಂದಲ್ಲ, ಬರೀ ಹದಿಮೂರು ಮೈಕ್ರಾನು! ಕಾಗದ ಬರೆಯಲು ಕೂತ ಮೇಲೇ ಯಜಮಾನರಿಗೆ ಇದು ಗೊತ್ತಾದದ್ದು. ಹದಿಮೂರು ಮೈಕ್ರಾನಿನ ಕೆಲಸಕ್ಕೆ 180 ರೂಪಾಯಿ ಸಾಲುತ್ತದೋ ಇಲ್ಲವೋ ಅನ್ನುವುದನ್ನು ಅವತ್ತೇ ಕೇಳಬಹುದು, ಮಾಲು ಪುಣೆಯಿಂದ ವಾಪಸ್ಸು ಬಂದ ದಿನ ಕೇಳಿದರೆ ಯಾರು ಕೇಳಿಸಿಕೊಳ್ಳುತ್ತಾರೆ? ಕಾಗದ ಬರೆಯುವುದು ಗಿರಾಕಿಗೆ ತಿಳಿಸುವುದಕ್ಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅರ್ಧಕ್ಕರ್ಧ ಅದು ಬರೆಯುವವನಿಗೇ ತಿಳಿಯುವುದಕ್ಕೆ. 'ಡ್ರಾಯಿಂಗ್ ಪ್ರಕಾರ' ಅಂತ ಬರೆಯುವಾಗ ಪೆನ್ನು ಎಲ್ಲೂ ತಡವರಿಸುವುದಿಲ್ಲ. 'ಇದು ಪ್ಲೇಟಿಂಗ್ ಆದ ಮೇಲಿನ ಅಳತೆ' ಅಂತ ಬರೆಯಲು ಹೋದರೆ, ಹೌದಾ ಅಂತ ನಿಲ್ಲುತ್ತದೆ.

ಬಿಳಿ ಬಣ್ಣ ಅಂತ ಬರೆದದ್ದಕ್ಕೂ ಕಾರಣ ಉಂಟು. ಜಿಂಕ್ ಪ್ಲೇಟಿಂಗಿನಲ್ಲಿ ಬಿಳಿಯೂ ಇದೆ, ಹಳದಿಯೂ ಇದೆ. ಬರೀ 'ಜಿಂಕ್' ಅಂದರೆ ಪ್ಲೇಟಿಂಗಿನವನು ಅವತ್ತು ಯಾವ ತೊಟ್ಟಿ ಖಾಲಿ ಇದೆಯೋ ಅದರಲ್ಲಿ ಅದ್ದುತ್ತಾನೆ. ಗಿರಾಕಿಯ ಮೆಷಿನ್ನಿನಲ್ಲಿ ಎಲ್ಲಾ ಬಿಳಿ, ಮಧ್ಯದಲ್ಲಿ ನಿಮ್ಮ ಪಿನ್ನು ಮಾತ್ರ ಅರಿಶಿನ ಹಚ್ಚಿಕೊಂಡು ಮದುಮಗಳ ಹಾಗೆ ಕೂತರೆ ರಿಜೆಕ್ಟ್ ಮಾಡದೆ ಬಿಡುತ್ತಾರೆಯೇ? ರಿವಿಷನ್ ಬಿ ಅಂತ ಬರೆದದ್ದು ಇನ್ನೂ ದೊಡ್ಡ ಕಾರಣಕ್ಕೆ. ಪಿಓದಲ್ಲಿ ಡ್ರಾಯಿಂಗ್ ನಂಬರು ಮಾತ್ರ ಇತ್ತು. ಇವರ ಹತ್ತಿರ ಕೊಟೇಷನ್ ಕಾಲದ ಬಿ ಇತ್ತು. ಅಷ್ಟರಲ್ಲಿ ಅಲ್ಲಿನ ಡಿಸೈನಿನವರು ಸಿ ಬಿಟ್ಟಿದ್ದರೆ? ಸಿ ಬಂದಿರುವುದು ಡಿಸೈನಿಗೆ ಗೊತ್ತು, ಕ್ಯೂಸಿಗೆ ಗೊತ್ತು, ಪರ್ಚೇಸಿಗೆ ಅರ್ಧ ಗೊತ್ತು, ಸಪ್ಲೈಯರಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. 'ಬಿ ಪ್ರಕಾರ ಮಾಡುತ್ತಿದ್ದೇವೆ' ಅಂತ ಒಂದು ಸಾಲು ಬರೆದರೆ ಆ ಕಡೆಯವರು 'ಅಯ್ಯೋ, ಸಿ ಕಳಿಸಿಲ್ವಾ?' ಅಂತ ಓಡಿ ಬರುತ್ತಾರೆ.

ಇನ್ನು ತಾರೀಕಿಗೆ ಬರೋಣ. ನಮ್ಮ ಜನ ತಾರೀಕಿನ ವಿಷಯದಲ್ಲಿ ಬಲು ಉದಾರಿಗಳು. ಪಿಓದಲ್ಲಿ 'ಡೆಲಿವರಿ ಜೂನ್ 30' ಅಂತ ಇತ್ತು. ಯಜಮಾನರ ಕೊಟೇಷನ್ನಿನಲ್ಲಿ 'ನಾಲ್ಕು ವಾರ' ಅಂತ ಇತ್ತು. ಜೂನ್ 2ಕ್ಕೆ ನಾಲ್ಕು ವಾರ ಸೇರಿಸಿದರೆ ಜೂನ್ 30, ಬೆರಳೆಣಿಸಿ ನೋಡಿದರೆ ಸರಿಯಾಗಿಯೇ ಇದೆ. ಜಗಳ ಎಲ್ಲಿಂದ ಬರಬೇಕು ಅಂತೀರಾ? ಕೊಟೇಷನ್ನಿನ ನಾಲ್ಕು ವಾರ ಯಾವ ದಿನದಿಂದ ಅಂತ ಯಾರು ಕೇಳಿದರು? ಪಿಓ ತಾರೀಕಿನಿಂದಲೋ, ಡ್ರಾಯಿಂಗ್ ಪಕ್ಕಾ ಆದ ದಿನದಿಂದಲೋ, ಮೊದಲ ಐದು ಪೀಸು ನೋಡಿ 'ಮುಂದುವರಿಸಿ' ಅಂದ ದಿನದಿಂದಲೋ? ಮತ್ತೆ ಜೂನ್ 30 ಅಂದರೆ ಪೀಣ್ಯದಿಂದ ಲಾರಿ ಹೊರಡುವ ದಿನವೋ, ಪುಣೆಯ ಗೇಟಿನಲ್ಲಿ ಇಳಿಯುವ ದಿನವೋ? ಯಜಮಾನರ ಲೆಕ್ಕದಲ್ಲಿ 30ನೇ ತಾರೀಕು ಸಂಜೆ ಲಾರಿ ಹತ್ತಿಸಿದರೆ ಡೆಲಿವರಿ ಆಯಿತು. ಪುಣೆಯ ಲೆಕ್ಕದಲ್ಲಿ ಅವರ ಸ್ಟೋರ್ಸಿನವರು ಜಿಆರ್‌ಎನ್ ಮಾಡಿದ ದಿನ ಡೆಲಿವರಿ. ಮಧ್ಯೆ ಲಾರಿ, ಭಾನುವಾರ, ಮಳೆ, ಸ್ಟೋರ್ಸ್ ಕೀಪರನ ರಜೆ.

ತಡವಾದರೆ ಏನು ಮಹಾ ಅನ್ನಬೇಡಿ. ಪಿಓದ ಹಿಂದಿನ ಪುಟದಲ್ಲಿ ವಾರಕ್ಕೆ ಅರ್ಧ ಪರ್ಸೆಂಟ್, ಗರಿಷ್ಠ ಐದು ಪರ್ಸೆಂಟ್ ಕಡಿತ ಅಂತ ಇರುವುದು ತೀರಾ ಸಾಮಾನ್ಯ. ತೊಂಬತ್ತು ಸಾವಿರಕ್ಕೆ ವಾರಕ್ಕೆ 450 ರೂಪಾಯಿ. ಮೊತ್ತ ಚಿಕ್ಕದು ಅಂತ ಸುಮ್ಮನಿದ್ದುಬಿಡುತ್ತಾರೆ. ಆದರೆ ಆ 450 ಒಂದು ಡಿಬಿಟ್ ನೋಟಾಗಿ ಬಂದು, ಅದರಿಂದ ಬಿಲ್ಲಿನ ಲೆಕ್ಕ ತಾಳೆಯಾಗದೆ, ಮಿಕ್ಕ 89,550 ಕೂಡ ಅಕೌಂಟ್ಸಿನಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಅದು ನಿಜವಾದ ದಂಡ.

ಆದ್ದರಿಂದ ಕಾಗದದಲ್ಲಿ ತಾರೀಕಿಗೆ ಎರಡು ಕೊನೆ ಇರಬೇಕು, ಎಲ್ಲಿಂದ ಎಣಿಸುವುದು, ಎಲ್ಲಿಗೆ ಮುಗಿಯುವುದು. 'ಮೊದಲ 5 ಪೀಸನ್ನು ಜೂನ್ 12ಕ್ಕೆ ಕಳಿಸುತ್ತೇವೆ. ನೀವು ಲಿಖಿತವಾಗಿ ಒಪ್ಪಿದ ದಿನದಿಂದ 15 ದಿನದೊಳಗೆ ಮಿಕ್ಕ 495 ನಮ್ಮ ಕಾರ್ಖಾನೆಯಿಂದ ಹೊರಡುತ್ತವೆ. ಜೂನ್ 15ರೊಳಗೆ ಒಪ್ಪಿಗೆ ಬಂದರೆ ಜೂನ್ 30ಕ್ಕೆ ರವಾನೆ. ಒಪ್ಪಿಗೆ ತಡವಾದಷ್ಟು ದಿನ ರವಾನೆಯೂ ಮುಂದೆ ಹೋಗುತ್ತದೆ.' ಇದರಲ್ಲಿ ಎಲ್ಲೂ ಒರಟುತನ ಇಲ್ಲ. ಆದರೆ ಐದು ಪೀಸು ತಮ್ಮ ಮೇಜಿನ ಮೇಲೆ ಕೂತಷ್ಟು ದಿನ ಗಡಿಯಾರ ತಮ್ಮದೇ ಕೈಯಲ್ಲಿ ಓಡುತ್ತಿದೆ ಅಂತ ಪುಣೆಯವರಿಗೆ ಗೊತ್ತಾಗುತ್ತದೆ. ನಾನು ಪಿಓ ಕಳಿಸುವ ಕಡೆ ಕೂತಿದ್ದಾಗ ಇಂಥ ಕಾಗದ ಬಂದರೆ ಕ್ಯೂಸಿಯವರ ಬೆನ್ನು ಹತ್ತುತ್ತಿದ್ದೆ. 'ನೋಟೆಡ್' ಅಂತ ಬಂದರೆ ಬೆನ್ನು ಹತ್ತಲು ನನಗೇನು ಹುಚ್ಚೇ? (ಅಮೆರಿಕದ ಗಿರಾಕಿಯಾದರೆ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 05/06 ಅಂದರೆ ನಮಗೆ ಜೂನ್ ಐದು, ಅವರಿಗೆ ಮೇ ಆರು.)

ಈಗ ಹಿಂದಿನ ಪುಟ. ಕಡಲೆಕಾಳಿನ ಸಿಪ್ಪೆ ಮೇಲೆ ಬರೆದಷ್ಟು ಸಣ್ಣ ಅಕ್ಷರದಲ್ಲಿ ಎರಡು ಕಾಲಂ ತುಂಬಾ ಷರತ್ತು. ಪುಣೆಯ ಪಿಓದಲ್ಲಿ 'ದರ ನಮ್ಮ ಸ್ಟೋರ್ಸಿಗೆ ತಲುಪಿಸುವವರೆಗೆ' ಅಂತ ಅಲ್ಲೇ ಒಂದು ಸಾಲು ಮಲಗಿತ್ತು. ಇವರ ಕೊಟೇಷನ್ನಿನಲ್ಲಿ 'ಎಕ್ಸ್ ವರ್ಕ್ಸ್', ಅಂದರೆ ನಮ್ಮ ಗೇಟಿನಲ್ಲಿ ಎತ್ತಿಕೊಳ್ಳಿ, ಬಾಡಿಗೆ ನಿಮ್ಮದು. ಪೀಸಿನ ದರ ಎರಡರಲ್ಲೂ 180. ಅಂಕಿ ಒಂದೇ ಇದ್ದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. 230 ಕಿಲೋ ಮಾಲಿನ ಬಾಡಿಗೆ ಹೋದ ಸಲ ಎರಡು ಸಾರಿ ಕೊಟ್ಟವರು ಯಾರು ಅಂತ ಬೇರೆ ಹೇಳಬೇಕಿಲ್ಲ.

'ನಮ್ಮ ಕೊಟೇಷನ್ನಿನಲ್ಲಿ ಎಕ್ಸ್ ವರ್ಕ್ಸ್ ಅಂತ ಇದೆಯಲ್ಲ' ಅಂತ ಯಜಮಾನರು ಈಗಲೂ ವಾದ ಮಾಡುತ್ತಾರೆ. ಇದ್ದರೆ ಏನಾಯಿತು ಸ್ವಾಮಿ? ನಮ್ಮ 1872ರ ಕರಾರು ಕಾಯ್ದೆಯ 7ನೇ ಸೆಕ್ಷನ್ ಹೇಳುವುದು ಇಷ್ಟೇ: ಒಪ್ಪಿಗೆ ಅನ್ನುವುದು ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕು. ಕೊಟೇಷನ್ನಿಗೆ ಉತ್ತರವಾಗಿ ಬೇರೆ ಷರತ್ತಿನ ಪಿಓ ಬಂದರೆ ಅದು ಒಪ್ಪಿಗೆಯಲ್ಲ, ಹೊಸ ಪ್ರಸ್ತಾಪ. ಅದಕ್ಕೆ ನೀವು 'ನೋಟೆಡ್' ಅಂದು ಬಾರು ಕತ್ತರಿಸಲು ಶುರುಮಾಡಿದರೆ? 8ನೇ ಸೆಕ್ಷನ್ ಪಕ್ಕದಲ್ಲೇ ಕಾದು ಕೂತಿದೆ: ಪ್ರಸ್ತಾಪದಲ್ಲಿ ಹೇಳಿದ ಕೆಲಸ ಮಾಡುವುದೂ ಒಪ್ಪಿಗೆಯೇ. ಬಾಯಲ್ಲಿ ಹೇಳದಿದ್ದರೂ ನಿಮ್ಮ ಕಟಿಂಗ್ ಮೆಷಿನ್ನು ನಿಮ್ಮ ಪರವಾಗಿ ಒಪ್ಪಿಕೊಂಡುಬಿಡುತ್ತದೆ.

ಇದು ಪೀಣ್ಯದವರ ಸೋಮಾರಿತನ ಮಾತ್ರ ಅಂದುಕೊಂಡು ನಾಚಿಕೊಳ್ಳುವುದು ಬೇಡ. ಇಂಗ್ಲೆಂಡಿನಲ್ಲಿ ಬಟ್ಲರ್ ಮೆಷಿನ್ ಟೂಲ್ ಅಂತ ಒಂದು ಕಂಪನಿ 1969ರ ಮೇ 23ರಂದು ಎಕ್ಸ್-ಸೆಲ್-ಓ ಅನ್ನುವವರಿಗೆ ಒಂದು ಮೆಷಿನ್ನಿಗೆ 75,535 ಪೌಂಡಿನ ಕೊಟೇಷನ್ ಕೊಟ್ಟಿತು. ಖರ್ಚು ಏರಿದರೆ ದರವೂ ಏರುತ್ತದೆ, ನಮ್ಮ ಷರತ್ತುಗಳೇ ನಡೆಯತಕ್ಕದ್ದು ಅಂತ ಅದರಲ್ಲಿ ಜಬರ್ದಸ್ತಾಗಿ ಬರೆದಿತ್ತು. ಗಿರಾಕಿ ಮೇ 27ರಂದು ತನ್ನದೇ ಷರತ್ತಿನ ಆರ್ಡರು ಕಳಿಸಿದ, ಅದರಲ್ಲಿ ದರ ಏರುವ ಮಾತೇ ಇಲ್ಲ. ಆರ್ಡರಿನ ಕೆಳಗೆ ಹರಿದು ಕೊಡುವಂಥ ಒಂದು ಚೀಟಿ: 'ಇದರಲ್ಲಿರುವ ಷರತ್ತುಗಳ ಪ್ರಕಾರ ನಿಮ್ಮ ಆರ್ಡರನ್ನು ಒಪ್ಪಿದ್ದೇವೆ.' ಬಟ್ಲರಿನವರು ಜೂನ್ 5ರಂದು ಆ ಚೀಟಿ ಹರಿದು, ಸಹಿ ಹಾಕಿ, ಜೊತೆಗೆ 'ನಮ್ಮ ಮೇ 23ರ ಕೊಟೇಷನ್ ಪ್ರಕಾರ ಆರ್ಡರು ದಾಖಲಿಸಿದ್ದೇವೆ' ಅಂತ ಒಂದು ಪತ್ರವನ್ನೂ ಇಟ್ಟು ಕಳಿಸಿದರು. ಎಂಥಾ ಜಾಣರು ನೋಡಿ, ಎಡಗೈಯಲ್ಲಿ ಅವರದ್ದು ಒಪ್ಪಿದರು, ಬಲಗೈಯಲ್ಲಿ ತಮ್ಮದು ನೆನಪಿಸಿದರು. ಮೆಷಿನ್ ತಯಾರಾದ ಮೇಲೆ ಖರ್ಚು ಏರಿದೆ ಅಂತ 2,892 ಪೌಂಡು ಹೆಚ್ಚು ಕೇಳಿದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಲಾರ್ಡ್ ಡೆನಿಂಗ್ ಮತ್ತು ಜೊತೆಯವರ ಮುಂದೆ ಸೋತರು. ಸಹಿ ಹಾಕಿದ ಆ ಚೀಟಿಯೇ ನಿರ್ಣಾಯಕ ಅಂತಾಯಿತು. ಜೊತೆಗಿದ್ದ ಪತ್ರ ಯಾವ ಮೆಷಿನ್, ಎಷ್ಟು ದರ ಅನ್ನುವುದನ್ನು ಗುರುತಿಸಲು ಮಾತ್ರ, ಹಳೇ ಷರತ್ತುಗಳನ್ನು ಮತ್ತೆ ಎಳೆದು ತರುವುದಕ್ಕಲ್ಲ ಅಂದರು.

ಅದರಿಂದ ನಾನು ಕಲಿತದ್ದು, ಭಿನ್ನಾಭಿಪ್ರಾಯವನ್ನು ಕಾಗದದ ಮಡಿಕೆಯಲ್ಲಿ ಅಡಗಿಸಿಡಬಾರದು. 'ಮಿಕ್ಕದ್ದು ನಮ್ಮ ಕೊಟೇಷನ್ ಪ್ರಕಾರ' ಅಂತ ಕೊನೆಯಲ್ಲಿ ಗೊಣಗುವುದು ಬೇಡ. ಕಾಗದದ ತಲೆಯಲ್ಲೇ, ಮೊದಲ ನಾಲ್ಕು ಸಾಲಿನಲ್ಲೇ ಹೇಳಿ: 'ನಿಮ್ಮ ಪಿಓದಲ್ಲಿ ಮೂರು ವಿಷಯ ನಮ್ಮ ಕೊಟೇಷನ್ನಿಗಿಂತ ಬೇರೆ ಇದೆ. ಸಾಗಣೆ ನಿಮ್ಮದು ಅಂತ ನಾವು ಹೇಳಿದ್ದೆವು, ನಮ್ಮದು ಅಂತ ನೀವು ಬರೆದಿದ್ದೀರಿ. ಹಣ 30 ದಿನಕ್ಕೆ ಅಂತ ಹೇಳಿದ್ದೆವು, 60 ಅಂತ ಬರೆದಿದ್ದೀರಿ. ತಡವಾದರೆ ಕಡಿತ ಅನ್ನುವುದು ನಮ್ಮ ಮಾತಿನಲ್ಲಿ ಇರಲೇ ಇಲ್ಲ. ಈ ಮೂರು ಇತ್ಯರ್ಥವಾಗಿ ಪಿಓ ತಿದ್ದುಪಡಿ ಬಂದ ಮೇಲೆ ಕೆಲಸ ಶುರುಮಾಡುತ್ತೇವೆ.' ಮೇಲಾಗಿ ಅವರ ಹರಿದು ಕೊಡುವ ಚೀಟಿಗೆ, ಅಂದರೆ ಈ ಕಾಲದಲ್ಲಿ ಪೋರ್ಟಲಿನ ಹಸಿರು 'ಅಕ್ಸೆಪ್ಟ್' ಗುಂಡಿಗೆ, ಅಲ್ಲಿಯವರೆಗೆ ಕೈ ಹಾಕಬೇಡಿ. ಮೇಲ್ ಕಳಿಸಿ, ಆಮೇಲೆ ಪೋರ್ಟಲಿನಲ್ಲಿ ಅಕ್ಸೆಪ್ಟ್ ಒತ್ತಿದವನು ಬಟ್ಲರಿನ ಮೊಮ್ಮಗ.

ಆ ಅರವತ್ತು ದಿನದ ಬಗ್ಗೆ ಒಂದು ಮಾತು. ನೀವು ಉದ್ಯಮ್ ನೋಂದಣಿ ಮಾಡಿಸಿದ ಮೈಕ್ರೋ ಅಥವಾ ಸಣ್ಣ ಉದ್ಯಮವಾದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಇಬ್ಬರೂ ಲಿಖಿತವಾಗಿ ಒಪ್ಪಿಕೊಂಡರೂ ಗಡುವು ಮಾಲು ಒಪ್ಪಿದ ದಿನದಿಂದ 45 ದಿನ ದಾಟುವಂತಿಲ್ಲ. ಮಾಲು ತಲುಪಿ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬರದಿದ್ದರೆ, ತಲುಪಿದ ದಿನವೇ ಒಪ್ಪಿದಂತೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆ ಬಡ್ಡಿಯನ್ನು ಗಿರಾಕಿಯಿಂದ ವಸೂಲು ಮಾಡಿ ಅವನ ಜೊತೆ ಮತ್ತೆ ವ್ಯಾಪಾರ ಮಾಡಿದ ಧೀರರನ್ನು ನಾನು ಕಾಣೆ. ಆದರೆ ಕಾಗದದಲ್ಲಿ ಉದ್ಯಮ್ ನಂಬರು ಹಾಕಿ, 'ಕಾಯ್ದೆಯ ಪ್ರಕಾರ 45 ದಿನ ಮೀರುವಂತಿಲ್ಲ, 60 ಒಪ್ಪಲು ನಮಗೇ ಬರುವುದಿಲ್ಲ' ಅಂತ ಬರೆಯುವುದಕ್ಕೆ ಧೈರ್ಯ ಬೇಕಿಲ್ಲ, ನಿಮ್ಮ ಬದಲು ಕಾಯ್ದೆಯೇ ಮಾತಾಡುತ್ತದೆ.

ಸರಿ, ಸಂಕೋಚದ ವಿಷಯಕ್ಕೆ ಬರೋಣ. 'ಅಷ್ಟೆಲ್ಲ ಕೇಳಿದರೆ ಆರ್ಡರು ಬೇರೆಯವರಿಗೆ ಕೊಡ್ತಾರೆ ಸಾರ್' ಅನ್ನುವ ಭಯ. ಪರ್ಚೇಸಿನಲ್ಲಿ ಕೂತಿದ್ದವನಾಗಿ ಹೇಳುತ್ತೇನೆ, ಅಲ್ಲಿ ಕೂತವನಿಗೆ ಸಿಟ್ಟು ಬರುವುದು ಕಾಗದಕ್ಕಲ್ಲ, ಹತ್ತು ಕಂತಿನಲ್ಲಿ ಬರುವ ಪ್ರಶ್ನೆಗಳಿಗೆ. ಸೋಮವಾರ ಬಣ್ಣ ಕೇಳಿ, ಬುಧವಾರ ರಿವಿಷನ್ ಕೇಳಿ, ಶನಿವಾರ ಬಾಡಿಗೆ ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ. ಎಲ್ಲವನ್ನೂ ಒಂದೇ ಪುಟದಲ್ಲಿ, ಪಿಓ ಬಂದ ಎರಡು ದಿನದೊಳಗೆ ಕೇಳಿದರೆ ಅವನು ಅದನ್ನೇ ಡಿಸೈನಿಗೆ ರವಾನಿಸಿ ನೆಮ್ಮದಿಯಾಗಿ ಊಟಕ್ಕೆ ಹೋಗುತ್ತಾನೆ. ಉತ್ತರವೂ ಸಿಗುತ್ತದೆ, ಅವನ ಮೇಲೂ ತಪ್ಪು ಬರುವುದಿಲ್ಲ. ಹಾಗಂತ ಎಲ್ಲಾ ಆರ್ಡರಿಗೂ ಈ ಪುರಾಣ ಬೇಕಿಲ್ಲ. ಹೋದ ತಿಂಗಳು ಕಳಿಸಿದ ಅದೇ ಪಿನ್ನು, ಅದೇ ರಿವಿಷನ್, ಅದೇ ಷರತ್ತು ಅಂದರೆ ರಿವಿಷನ್ ಮತ್ತು ರವಾನೆ ತಾರೀಕು ಹೇಳಿ ಎರಡು ಸಾಲು ಬರೆದರೆ ಸಾಕು.

ಉತ್ತರವೇ ಬರದಿದ್ದರೆ? 'ಮೂರು ದಿನದಲ್ಲಿ ಉತ್ತರ ಬರದಿದ್ದರೆ ನೀವು ಒಪ್ಪಿದಂತೆ' ಅಂತ ಕಾಗದದ ಕೆಳಗೆ ಬರೆದು ನೆಮ್ಮದಿಯಾಗಿ ಮಲಗುವವರಿದ್ದಾರೆ. ಇನ್ನೊಬ್ಬರ ಮೌನವನ್ನು ನೀವೇ ಒಪ್ಪಿಗೆ ಅಂತ ಘೋಷಿಸಲು ಬರುವುದಿಲ್ಲ. ನಿಮ್ಮ ಕಾಗದ ನೋಡಿ ಅವರು ಐದು ಪೀಸಿಗೆ ಒಪ್ಪಿಗೆ ಕೊಟ್ಟು ಮುಂದುವರಿಸಿ ಅಂದರೆ ವಾದಕ್ಕೆ ಸ್ವಲ್ಪ ಬಲ ಬರುತ್ತದೆ, ಅಷ್ಟೇ.

ಒಳ್ಳೆಯ ಉತ್ತರ ಬಂದರೂ ಕಥೆ ಮುಗಿಯಿತು ಅನ್ನಬೇಡಿ. ಪರ್ಚೇಸಿನವರು 'ಹೌದು, ನೀವು ಹೇಳಿದ್ದೆಲ್ಲ ಸರಿ' ಅಂತ ಮೇಲ್ ಮಾಡುತ್ತಾರೆ. ನಿಮಗೆ ಆನಂದಬಾಷ್ಪ. ಆದರೆ ಮಾಲು ಗೇಟಿಗೆ ಬಂದಾಗ ಸ್ಟೋರ್ಸಿನವನು ಆ ಮೇಲ್ ನೋಡುವುದಿಲ್ಲ, ಕಂಪ್ಯೂಟರಿನ ಪಿಓ ನೋಡುತ್ತಾನೆ. ಕ್ಯೂಸಿಯವನೂ ಅದನ್ನೇ ನೋಡುತ್ತಾನೆ. ಅಕೌಂಟ್ಸಿನವನಂತೂ ಇನ್ವಾಯ್ಸು, ಜಿಆರ್‌ಎನ್, ಪಿಓ ಮೂರೂ ತಾಳೆಯಾಗದಿದ್ದರೆ ನಿಮ್ಮ ಮುಖವನ್ನೂ ನೋಡುವುದಿಲ್ಲ. ನಿಮಗೆ ಉತ್ತರ ಬರೆದ ಪುಣ್ಯಾತ್ಮ ಅಷ್ಟರಲ್ಲಿ ಕೆಲಸ ಬಿಟ್ಟು ಬೇರೆ ಕಂಪನಿ ಸೇರಿರುತ್ತಾನೆ. ಆದ್ದರಿಂದ ಬೇಕಾದ್ದು ಮೇಲ್ ಅಲ್ಲ, ತಿದ್ದುಪಡಿಯಾದ ಪಿಓ. ರಿವಿಷನ್ ಅಕ್ಷರ, ಪ್ಲೇಟಿಂಗ್ ಆದ ಮೇಲಿನ ಅಳತೆ, ಎಲ್ಲಿಂದ ಎಣಿಸಬೇಕು ಅನ್ನುವ ದಿನ, ಬಾಡಿಗೆ ಯಾರದು ಅನ್ನುವ ಸಾಲು, ಎಲ್ಲಾ ಅದರೊಳಗೆ ಬರಬೇಕು, ಪಿಓ ನಂಬರಿನ ಪಕ್ಕ ತಿದ್ದುಪಡಿ 1 ಅಂತ ಇರಬೇಕು.

ಯಜಮಾನರಿಗೆ ಈ ಅಭ್ಯಾಸ ಬಂದು ಸುಮಾರು ಕಾಲವಾಯಿತು. ಮೊನ್ನೆ ಹೋಗಿದ್ದಾಗ ಪುಣೆಯದೇ ಹೊಸ ಪಿಓ ಮೇಜಿನ ಮೇಲಿತ್ತು. 'ಏನ್ ಸಾರ್, ಕೆಲಸ ಶುರುವಾಯ್ತಾ?' ಅಂತ ಕೆಣಕಿದೆ. 'ಎಲ್ಲಿ ಸ್ವಾಮಿ, ಇನ್ನೂ ಅಮೆಂಡ್‌ಮೆಂಟ್ ಬಂದಿಲ್ಲ' ಅಂದರು. ಪುಣೆಯಿಂದ ದಿನಾ ಫೋನಂತೆ, ಬೇಗ ಮಾಡಿ ಬೇಗ ಮಾಡಿ ಅಂತ. ನೀವೂ ಹೀಗೇ ಮಾಡಿ. ತಿದ್ದುಪಡಿ ಕೈಗೆ ಬರುವವರೆಗೆ, ಫೋನಿನಲ್ಲಿ ಎಷ್ಟೇ ಬೆಣ್ಣೆ ಹಚ್ಚಿದರೂ, ಬಾರಿಗೆ ಬ್ಲೇಡು ತಾಗಿಸಬೇಡಿ.